ಬೆಲೆ ಏರಿಸುವ ಮುನ್ನ ಸ್ಪ್ಲಿಟ್ ಟೆಸ್ಟ್ ಫಲಿತಾಂಶವನ್ನು ಓದುವುದು ಹೇಗೆ?

ತಿಂಗಳ ಚಂದಾ ಲೆಕ್ಕದಲ್ಲಿ ಮಾರಾಟವಾಗುವ ಒಂದು ಸಾಫ್ಟ್‌ವೇರ್ ಇದೆ ಎಂದುಕೊಳ್ಳಿ. ಈಗಿನ ಬೆಲೆ 100. ಯಾವ ದೇಶದ ಹಣವಾದರೂ ಲೆಕ್ಕ ಬದಲಾಗುವುದಿಲ್ಲ, ಹಾಗಾಗಿ ಬರೀ ಅಂಕಿ ಸಾಕು. ಇದನ್ನು 120ಕ್ಕೆ ಏರಿಸಬಹುದೇ ಎಂದು ನೋಡಲು ಸ್ಪ್ಲಿಟ್ ಟೆಸ್ಟ್ ನಡೆದಿದೆ. ಹೊಸದಾಗಿ ಬಂದ 40,000 ಸಂದರ್ಶಕರಲ್ಲಿ ಅರ್ಧದಷ್ಟು ಜನರಿಗೆ ಹಳೆಯ ಬೆಲೆ, ಉಳಿದರ್ಧಕ್ಕೆ ಹೊಸ ಬೆಲೆ ಕಂಡಿದೆ. ಹಳೆಯ ಬೆಲೆ ಕಂಡ 20,000 ಜನರಲ್ಲಿ 1,000 ಮಂದಿ ಕೊಂಡರು. ಹೊಸ ಬೆಲೆ ಕಂಡ 20,000 ಜನರಲ್ಲಿ ಕೊಂಡವರು 880. ನೈಜ ಟೆಸ್ಟಿನಲ್ಲಿ ಇಷ್ಟು ದುಂಡಗಿನ ಅಂಕಿಗಳು ಸಿಗುವುದಿಲ್ಲ. ಕೈಲೆಕ್ಕಕ್ಕೆ ಸುಲಭವಾಗಲಿ ಎಂದು ಹೀಗೆ ಇಟ್ಟಿದ್ದೇನೆ.

ಈಗ ಈ ಫಲಿತಾಂಶವನ್ನು ಮೂವರು ಓದುತ್ತಾರೆ. ಮಾರ್ಕೆಟಿಂಗ್ ನೋಡಿಕೊಳ್ಳುವವರು ಕನ್ವರ್ಷನ್, ಅಂದರೆ ಬಂದವರಲ್ಲಿ ಕೊಂಡವರ ಪ್ರಮಾಣ ನೋಡುತ್ತಾರೆ. ಶೇ 5 ಇದ್ದದ್ದು ಶೇ 4.4ಕ್ಕೆ ಇಳಿದಿದೆ, ನಿಜಕ್ಕೂ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆಯನ್ನು ಹೇಳುವ ಪಿ ವ್ಯಾಲ್ಯೂ 0.005, ಅಂದರೆ ಇಳಿಕೆ ಸಂಖ್ಯಾಶಾಸ್ತ್ರದ ಪ್ರಕಾರ ಮಹತ್ವದ್ದು. "ಕೈಬಿಡೋಣ" ಎನ್ನುತ್ತಾರೆ. ಹಣಕಾಸು ನೋಡುವವರು ಆದಾಯ ಲೆಕ್ಕ ಹಾಕುತ್ತಾರೆ: 1,00,000 ಇದ್ದದ್ದು 1,05,600 ಆಗಿದೆ, ಆದರೆ ಪಿ ವ್ಯಾಲ್ಯೂ 0.23. "ಏನೂ ಸಾಬೀತಾಗಿಲ್ಲ" ಎನ್ನುತ್ತಾರೆ. ಮೂರನೆಯವರು ಪ್ರತಿ ಗ್ರಾಹಕರ ಮೇಲೆ ತಿಂಗಳಿಗೆ 30 ಖರ್ಚಾಗುತ್ತದೆ ಎಂಬುದನ್ನು ಕಳೆದು ನೋಡುತ್ತಾರೆ: 70,000 ಇದ್ದ ಉಳಿಕೆ 79,200 ಆಗಿದೆ, ಪಿ ವ್ಯಾಲ್ಯೂ 0.007. "ಏರಿಸಿಬಿಡೋಣ" ಎನ್ನುತ್ತಾರೆ.

ಮೂವರ ಲೆಕ್ಕದಲ್ಲೂ ತಪ್ಪಿಲ್ಲ. ಇಟ್ಟುಕೊಂಡಿರುವ ಟೆಸ್ಟ್ ಕೂಡ ಒಂದೇ. ಹಾಗಿದ್ದೂ ಒಬ್ಬರು ಬೇಡ, ಒಬ್ಬರು ಗೊತ್ತಿಲ್ಲ, ಒಬ್ಬರು ಬೇಕು ಎನ್ನುತ್ತಿದ್ದಾರೆ. ಬೆಲೆಯ ಟೆಸ್ಟಿನಲ್ಲಿ ಈ ಗೊಂದಲ ಮತ್ತೆಮತ್ತೆ ಎದುರಾಗುತ್ತದೆ, ಏಕೆಂದರೆ ಬಟನ್ನಿನ ಬಣ್ಣ ಬದಲಿಸುವ ಟೆಸ್ಟಿನಲ್ಲಿ ಇಲ್ಲದ ಒಂದು ಸಂಗತಿ ಇಲ್ಲಿದೆ: ಬೆಲೆ ಏರಿಸಿದರೆ ಕೊಳ್ಳುವವರು ಕಡಿಮೆಯಾಗುತ್ತಾರೆ ಎಂಬುದು ಟೆಸ್ಟ್ ಶುರುವಾಗುವ ಮೊದಲೇ ಗೊತ್ತಿರುತ್ತದೆ. ಆದ್ದರಿಂದ "ಕಡಿಮೆಯಾದರೇ?" ಎಂಬ ಪ್ರಶ್ನೆಗೆ ಬೆಲೆಯಿಲ್ಲ. "ನಾವು ತಾಳಿಕೊಳ್ಳಬಹುದಾದಷ್ಟಕ್ಕಿಂತ ಹೆಚ್ಚು ಮಂದಿ ಕಡಿಮೆಯಾದರೇ?" ಎಂದು ಕೇಳಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವವು.

ಹೆಜ್ಜೆ 1: ಮೊದಲು ಎಣಿಕೆಯನ್ನು ಪರೀಕ್ಷಿಸಿ

ಫಲಿತಾಂಶದ ಕಡೆ ಕಣ್ಣು ಹಾಯಿಸುವ ಮುನ್ನ ಎರಡೂ ಗುಂಪಿಗೆ ಎಷ್ಟು ಜನ ಬಂದರು ಎಂದು ನೋಡಿ. ಅರ್ಧರ್ಧ ಹಂಚಿದ್ದರೆ ಎರಡು ಗುಂಪುಗಳ ನಡುವಿನ ವ್ಯತ್ಯಾಸ, ಒಟ್ಟು ಸಂಖ್ಯೆಯ ವರ್ಗಮೂಲದ ಮೂರು ಪಟ್ಟಿಗಿಂತ ಒಳಗೇ ಇರಬೇಕು. 40,000ದ ವರ್ಗಮೂಲ 200, ಅದರ ಮೂರು ಪಟ್ಟು 600. ಒಂದು ಗುಂಪಿನಲ್ಲಿ 20,400, ಇನ್ನೊಂದರಲ್ಲಿ 19,600 ಎಂದಿದ್ದರೆ ವ್ಯತ್ಯಾಸ 800. ಅದು ಆಕಸ್ಮಿಕ ಅಲ್ಲ. ಹೊಸ ಬೆಲೆಯ ಪುಟ ನಿಧಾನವಾಗಿ ತೆರೆದುಕೊಳ್ಳುತ್ತಿರಬಹುದು, ಎಣಿಸುವ ಸ್ಕ್ರಿಪ್ಟ್ ಕೆಲವು ಫೋನುಗಳಲ್ಲಿ ಕೆಲಸ ಮಾಡದೆ ಇರಬಹುದು, ಬಾಟ್‌ಗಳು ಒಂದೇ ಕಡೆ ಸೇರಿಕೊಂಡಿರಬಹುದು. ಕಾರಣ ಸಿಗುವ ತನಕ ಆ ಟೆಸ್ಟಿನಿಂದ ಯಾವ ತೀರ್ಮಾನವನ್ನೂ ತೆಗೆಯಬೇಡಿ. ಶೇ 2ರಷ್ಟು ಜನ ಎಲ್ಲೋ ಕಾಣೆಯಾಗಿದ್ದಾರೆ ಎಂದರೆ, ಕಾಣೆಯಾದವರು ಕೊಳ್ಳುವ ಮನಸ್ಸಿದ್ದವರೇ ಆಗಿರುವ ಸಾಧ್ಯತೆ ಇರುತ್ತದೆ.

ಬೆಲೆಯ ಟೆಸ್ಟಿಗೆಂದೇ ಇರುವ ಇನ್ನೊಂದು ತೊಂದರೆ ಸಮಯದ್ದು. ಬೆಲೆ ಹೆಚ್ಚಿದ್ದಾಗ ಜನ ಹೆಚ್ಚು ಯೋಚಿಸುತ್ತಾರೆ, ಮನೆಯಲ್ಲೋ ಕಚೇರಿಯಲ್ಲೋ ಕೇಳಿಕೊಂಡು ನಾಲ್ಕು ದಿನ ಬಿಟ್ಟು ಬರುತ್ತಾರೆ. ನೀವು ಮೂರನೇ ದಿನಕ್ಕೆ ಎಣಿಕೆ ನಿಲ್ಲಿಸಿದರೆ ಹೊಸ ಬೆಲೆ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಪ್ರತಿಯೊಬ್ಬ ಸಂದರ್ಶಕರಿಗೂ ಮೊದಲ ಬಾರಿ ಬೆಲೆ ಕಂಡ ಹೊತ್ತಿನಿಂದ ಒಂದೇ ಅಳತೆಯ ಗಡುವು ಕೊಡಿ, ಉದಾಹರಣೆಗೆ 14 ದಿನ. ಗಡುವು ಮುಗಿಯದವರನ್ನು ಲೆಕ್ಕಕ್ಕೆ ಸೇರಿಸಬೇಡಿ. ಟೆಸ್ಟ್ ಕೂಡ ಪೂರ್ತಿ ವಾರಗಳಲ್ಲಿ ನಡೆಯಲಿ, ಏಕೆಂದರೆ ವಾರಾಂತ್ಯದ ಗ್ರಾಹಕರೂ ವಾರದ ದಿನಗಳ ಗ್ರಾಹಕರೂ ಒಂದೇ ತರಹ ಇರುವುದಿಲ್ಲ.

ಹಾಗೆಯೇ ಒಬ್ಬರೇ ಎರಡೂ ಬೆಲೆ ನೋಡಿದ್ದಾರೆಯೇ ಎಂದು ಪರಿಶೀಲಿಸಿ. ಫೋನಿನಲ್ಲಿ 120 ಕಂಡವರು ಲ್ಯಾಪ್‌ಟಾಪಿನಲ್ಲಿ 100 ನೋಡಿ ಅದಕ್ಕೇ ಕೊಂಡರೆ, ಆ ಮಾರಾಟ ಹಳೆಯ ಬೆಲೆಯ ಖಾತೆಗೆ ಸೇರುತ್ತದೆ, ಕಳೆದುಹೋದ ಗ್ರಾಹಕ ಹೊಸ ಬೆಲೆಯ ಖಾತೆಗೆ ಸೇರುತ್ತದೆ. ಒಂದೇ ತಪ್ಪು ಎರಡು ಕಡೆಯಿಂದ ಹೊಡೆಯುತ್ತದೆ. ಖಾತೆ ತೆರೆದವರನ್ನು ಖಾತೆಯ ಗುರುತಿನಿಂದ ಹಂಚಿದರೆ ಈ ಸೋರಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಎರಡು ಬೆಲೆ ಕಂಡು ಯಾರಾದರೂ ಕೇಳಿದರೆ ಕಡಿಮೆ ಬೆಲೆಯನ್ನೇ ಕೊಡುವುದು ನ್ಯಾಯ. ಹಾಗೆ ಕೊಟ್ಟದ್ದನ್ನು ಬರೆದಿಟ್ಟುಕೊಳ್ಳಿ, ಆದರೆ ಅವರನ್ನು ಗುಂಪು ಬದಲಿಸಬೇಡಿ.

ಹೆಜ್ಜೆ 2: ಎಷ್ಟು ಮಂದಿ ಹೋದರೂ ನಷ್ಟವಿಲ್ಲ ಎಂದು ಲೆಕ್ಕ ಹಾಕಿ

ಈ ಲೆಕ್ಕಕ್ಕೆ ಟೆಸ್ಟ್ ಬೇಕಿಲ್ಲ, ಚೀಟಿಯ ಹಿಂಬದಿ ಸಾಕು. ಟೆಸ್ಟ್ ಶುರುವಾಗುವ ಮೊದಲೇ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಹಳೆಯ ಬೆಲೆಯಲ್ಲಿ ಒಬ್ಬ ಗ್ರಾಹಕರಿಂದ ಉಳಿಯುವುದು 100 ಕಳೆದು 30, ಅಂದರೆ 70. ಹೊಸ ಬೆಲೆಯಲ್ಲಿ ಉಳಿಯುವುದು 90. ಇಲ್ಲಿ 30 ಎಂದರೆ ಗ್ರಾಹಕರೊಬ್ಬರು ಹೆಚ್ಚಿದರೆ ಹೆಚ್ಚುವ, ಕಡಿಮೆಯಾದರೆ ತಗ್ಗುವ ಖರ್ಚು ಮಾತ್ರ: ಪೇಮೆಂಟ್ ಶುಲ್ಕ, ಸರ್ವರ್, ಸಹಾಯವಾಣಿಯ ಸಮಯ. ಕಚೇರಿಯ ಬಾಡಿಗೆ, ಸಂಬಳ ಇಲ್ಲಿಗೆ ಬರುವುದಿಲ್ಲ. ಅವು ಗ್ರಾಹಕರು ಹೋದರೂ ಹೋಗುವುದಿಲ್ಲ.

ಹೊಸ ಬೆಲೆಯ ಉಳಿಕೆ 90 ಇರುವಾಗ, ಹಳೆಯ ಒಟ್ಟು ಉಳಿಕೆಯನ್ನು ಸರಿಗಟ್ಟಲು ಹಳೆಯ ಗ್ರಾಹಕರ ಸಂಖ್ಯೆಯ 70/90 ಭಾಗ ಇದ್ದರೆ ಸಾಕು. ಅಂದರೆ ಶೇ 22.2ರಷ್ಟು ಗ್ರಾಹಕರು ಕಡಿಮೆಯಾದರೂ ಉಳಿಕೆ ಅಷ್ಟೇ ಇರುತ್ತದೆ. ಇದನ್ನು ನಾನು ತಾಳಿಕೆಯ ಮಿತಿ ಎಂದು ಕರೆಯುತ್ತೇನೆ. ಬರೀ ಆದಾಯದ ದೃಷ್ಟಿಯಿಂದ ನೋಡಿದರೆ ಮಿತಿ 100/120ರಿಂದ ಬರುತ್ತದೆ: ಶೇ 16.7.

ಎರಡು ಮಿತಿಗಳ ನಡುವೆ ಇಷ್ಟು ಅಂತರ ಏಕೆ ಎಂದರೆ, ಹೋದ ಗ್ರಾಹಕ ತನ್ನ ಜೊತೆ ಆ 30ರ ಖರ್ಚನ್ನೂ ತೆಗೆದುಕೊಂಡು ಹೋಗುತ್ತಾನೆ. ಪ್ರತಿ ಗ್ರಾಹಕರ ಖರ್ಚು ಹೆಚ್ಚಿರುವ ವ್ಯಾಪಾರದಲ್ಲಿ ಬೆಲೆ ಏರಿಕೆಗೆ ತಾಳಿಕೆ ಹೆಚ್ಚು. ಖರ್ಚು ಸೊನ್ನೆಯ ಹತ್ತಿರವಿದ್ದರೆ ಎರಡು ಮಿತಿಗಳೂ ಒಂದೇ ಆಗಿಬಿಡುತ್ತವೆ. ಬೆಲೆ ಇಳಿಸುವಾಗ ಇದೇ ಲೆಕ್ಕ ತಲೆಕೆಳಗಾಗಿ ಬರುತ್ತದೆ: 100ರಿಂದ 80ಕ್ಕೆ ಇಳಿಸಿದರೆ ಉಳಿಕೆ 70ರಿಂದ 50ಕ್ಕೆ ಬೀಳುತ್ತದೆ, ಸರಿದೂಗಲು ಗ್ರಾಹಕರು ಶೇ 40ರಷ್ಟು ಹೆಚ್ಚಬೇಕು. ಬೆಲೆ ಇಳಿಸಿ "ಕನ್ವರ್ಷನ್ ಶೇ 15 ಏರಿತು" ಎಂದು ಹಿಗ್ಗುವವರು ಈ ಶೇ 40ನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ ಹಿಗ್ಗುತ್ತಿರಲಿಲ್ಲ.

ಹೆಜ್ಜೆ 3: ಒಂದು ಅಂಕಿಯ ಬದಲು ಅಂತರವನ್ನು ನೋಡಿ

ನಮ್ಮ ಟೆಸ್ಟಿನಲ್ಲಿ ಗ್ರಾಹಕರು ಶೇ 12ರಷ್ಟು ಕಡಿಮೆಯಾಗಿದ್ದಾರೆ. ಆದರೆ ಈ 12 ಎಂಬುದು ಆ 40,000 ಜನರಲ್ಲಿ ಕಂಡ ಅಂಕಿ. ನಾಳೆ ಬೇರೆ 40,000 ಜನ ಬಂದಿದ್ದರೆ 8 ಆಗಬಹುದಿತ್ತು, 16 ಆಗಬಹುದಿತ್ತು. ನಿಜವಾದ ಇಳಿಕೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ಹೇಳುವುದೇ ವಿಶ್ವಾಸದ ಅಂತರ, ಕಾನ್ಫಿಡೆನ್ಸ್ ಇಂಟರ್ವಲ್. ಹಲವು ಡ್ಯಾಶ್‌ಬೋರ್ಡ್‌ಗಳು ಇದನ್ನು ತೋರಿಸುತ್ತವೆ. ತೋರಿಸದಿದ್ದರೆ ಈ ಏಳು ಸಾಲು ಸಾಕು:

```python
from math import sqrt, exp
n1, x1 = 20000, 1000
n2, x2 = 20000, 880
r = (x2/n2) / (x1/n1)
se = sqrt(1/x1 - 1/n1 + 1/x2 - 1/n2)
low, high = r*exp(-1.96*se), r*exp(1.96*se)
print(1-high, 1-r, 1-low)
```

`n` ಎಂದರೆ ಸಂದರ್ಶಕರು, `x` ಎಂದರೆ ಕೊಂಡವರು. 1 ಹಳೆಯ ಬೆಲೆ, 2 ಹೊಸ ಬೆಲೆ. ಉತ್ತರ ಸುಮಾರು 0.039, 0.12, 0.194 ಎಂದು ಬರುತ್ತದೆ. ಅಂದರೆ ಗ್ರಾಹಕರ ಇಳಿಕೆ ಶೇ 4ರಿಂದ ಶೇ 19.4ರ ನಡುವೆ ಎಲ್ಲೋ ಇದೆ ಎಂದು ಶೇ 95ರ ವಿಶ್ವಾಸದಲ್ಲಿ ಹೇಳಬಹುದು.

ಈಗ ಒಂದು ಅಡ್ಡಗೆರೆ ಎಳೆದು, ಅದರ ಮೇಲೆ 4ರಿಂದ 19.4ರವರೆಗೆ ದಪ್ಪಗೆ ಬಳಿಯಿರಿ. ಮೊದಲು ಜಗಳವಾಡುತ್ತಿದ್ದ ಮೂವರ ಪ್ರಶ್ನೆಗಳನ್ನೂ ಅದೇ ಗೆರೆಯ ಮೇಲೆ ಗುರುತು ಮಾಡಿ. ಮಾರ್ಕೆಟಿಂಗ್‌ನವರ ಗುರುತು 0: ಇಳಿಕೆಯೇ ಇಲ್ಲ ಎಂಬುದು. ಅದು ಬಳಿದ ಭಾಗದ ಹೊರಗಿದೆ, ಆದ್ದರಿಂದ ಇಳಿಕೆ ಖಚಿತ. ಹಣಕಾಸಿನವರ ಗುರುತು 16.7. ಅದು ಬಳಿದ ಭಾಗದ ಒಳಗೇ ಬೀಳುತ್ತದೆ. ನಿಜವಾದ ಇಳಿಕೆ ಅದಕ್ಕಿಂತ ಕಡಿಮೆಯೂ ಇರಬಹುದು, ಹೆಚ್ಚೂ ಇರಬಹುದು, ಆದ್ದರಿಂದ ಆದಾಯ ಏರಿತೋ ಇಳಿಯಿತೋ ಹೇಳಲಾಗದು. ಉಳಿಕೆಯ ಗುರುತು 22.2. ಬಳಿದ ಭಾಗ ಅಲ್ಲಿಗೆ ಮುಟ್ಟುವುದೇ ಇಲ್ಲ, ಆದ್ದರಿಂದ ಉಳಿಕೆ ಹೆಚ್ಚಿದೆ.

ಮೂರು ಉತ್ತರಗಳಲ್ಲಿ ವಿರೋಧವೇ ಇರಲಿಲ್ಲ ನೋಡಿ. ಒಂದೇ ಅಳತೆಪಟ್ಟಿಯ ಮೇಲೆ ಮೂರು ಬೇರೆ ಬೇರೆ ಗುರುತುಗಳ ಬಗ್ಗೆ ಅವರು ಮಾತಾಡುತ್ತಿದ್ದರು. ಈ ಒಂದು ಚಿತ್ರವನ್ನು ಸಭೆಯ ಮೊದಲ ಪುಟದಲ್ಲಿ ಇಟ್ಟರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಪಿ ವ್ಯಾಲ್ಯೂ ಬಗ್ಗೆ ಎರಡು ಮಾತು ಇಲ್ಲೇ ಹೇಳಿಬಿಡಬೇಕು. ಪಿ ವ್ಯಾಲ್ಯೂ 0.005 ಎಂದರೆ, ಎರಡು ಬೆಲೆಗಳ ನಡುವೆ ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಸಾವಿರಕ್ಕೆ ಐದು ಬಾರಿ ಕಾಣುತ್ತಿತ್ತು ಎಂದರ್ಥ. ಹೊಸ ಬೆಲೆ ಕೆಟ್ಟದ್ದಾಗಿರುವ ಸಾಧ್ಯತೆ ಶೇ 99.5 ಎಂದು ಅದಕ್ಕೆ ಅರ್ಥವಿಲ್ಲ, ವ್ಯತ್ಯಾಸ ದೊಡ್ಡದು ಎಂದೂ ಅರ್ಥವಿಲ್ಲ. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಪಿ ವ್ಯಾಲ್ಯೂ ಬಳಕೆಯ ಬಗ್ಗೆ ಹೇಳಿಕೆ ಹೊರಡಿಸಿ, ಅದು ಪರಿಣಾಮದ ಗಾತ್ರವನ್ನಾಗಲಿ ಫಲಿತಾಂಶದ ಪ್ರಾಮುಖ್ಯವನ್ನಾಗಲಿ ಅಳೆಯುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಬೇಕಾಯಿತು. ಪಿ ವ್ಯಾಲ್ಯೂ ಇದಕ್ಕಿಂತ ಕಡಿಮೆಯಿದ್ದರೆ ಮಹತ್ವದ್ದು ಎಂದು ನಾವೆಲ್ಲ ಹಿಡಿದುಕೊಂಡಿರುವ 0.05ರ ಗೆರೆಯೂ 1920ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅನುಕೂಲಕ್ಕೆಂದು ಬಳಸಿ ರೂಢಿಗೆ ತಂದದ್ದು. ನಿಮ್ಮ ವ್ಯಾಪಾರದ ಲಾಭನಷ್ಟ ನೋಡಿ ಎಳೆದ ಗೆರೆ ಅದಲ್ಲ.

ಹೆಜ್ಜೆ 4: ಎಷ್ಟು ಲಾಭವಾದರೆ ಶ್ರಮ ಸಾರ್ಥಕ ಎಂದು ನಿರ್ಧರಿಸಿ

ಉಳಿಕೆ ಹೆಚ್ಚಿದೆ ಎಂದಷ್ಟಕ್ಕೇ ಬೆಲೆ ಬದಲಿಸಬೇಕಿಲ್ಲ. ಬದಲಾವಣೆಗೂ ಖರ್ಚಿದೆ: ಬಿಲ್ಲಿಂಗ್ ವ್ಯವಸ್ಥೆ ತಿದ್ದಬೇಕು, ಹಳೆಯ ಜಾಹೀರಾತುಗಳನ್ನು ಬದಲಿಸಬೇಕು, ಬರುವ ಪ್ರಶ್ನೆಗಳಿಗೆ ಉತ್ತರ ಕೊಡಬೇಕು, ಪಾಲುದಾರರಿಗೆ ತಿಳಿಸಬೇಕು. ಇವನ್ನೆಲ್ಲ ಕೂಡಿಸಿ, ವರ್ಷದ ಉಳಿಕೆ ಕನಿಷ್ಠ ಇಷ್ಟು ಹೆಚ್ಚದಿದ್ದರೆ ಬೇಡ ಎಂಬ ಅಂಕಿಯನ್ನು ಹಣದಲ್ಲಿ ಬರೆಯಿರಿ, ಆಮೇಲೆ ಶೇಕಡಾವಾರಿಗೆ ತನ್ನಿ.

ನಮ್ಮ ಉದಾಹರಣೆಯಲ್ಲಿ ಅದು ಶೇ 5 ಎಂದಿಟ್ಟುಕೊಳ್ಳೋಣ. ಹಳೆಯ ಬೆಲೆಯಲ್ಲಿ ಪ್ರತಿ ಸಂದರ್ಶಕರಿಂದ ಬರುವ ಉಳಿಕೆ 3.50 (70ರ ಶೇ 5). ಅದು 3.675 ಆಗಬೇಕಾದರೆ 90ರ ಉಳಿಕೆಯಲ್ಲಿ ಗ್ರಾಹಕರ ಇಳಿಕೆ ಶೇ 18.3 ಮೀರಬಾರದು. ಈ 18.3ನ್ನೂ ಅದೇ ಗೆರೆಯ ಮೇಲೆ ಗುರುತಿಸಿ. ಬಳಿದ ಭಾಗ 19.4ರವರೆಗೆ ಹೋಗುತ್ತದೆ, ಅಂದರೆ 18.3 ಒಳಗೇ ಇದೆ, ತುದಿಗೆ ತೀರ ಹತ್ತಿರದಲ್ಲಿ.

ಸಂಖ್ಯಾಶಾಸ್ತ್ರದ ಮಹತ್ವಕ್ಕೂ ವ್ಯವಹಾರದ ಮಹತ್ವಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಬೆರಳಿಟ್ಟು ತೋರಿಸಬಹುದು. ಉಳಿಕೆ ಹೆಚ್ಚಿದೆ ಎಂಬುದು ಖಚಿತ. ಶ್ರಮಕ್ಕೆ ತಕ್ಕಷ್ಟು ಹೆಚ್ಚಿದೆ ಎಂಬುದು ಬಹುತೇಕ ಖಚಿತ, ಪೂರ್ತಿ ಅಲ್ಲ. ನನ್ನ ಅಭಿಪ್ರಾಯದಲ್ಲಿ ಇಂಥ ಸ್ಥಿತಿಯಲ್ಲಿ ಟೆಸ್ಟ್ ಮುಂದುವರಿಸುತ್ತಾ ಕೂರುವುದು ಜಾಣತನವಲ್ಲ. ಬಳಿದ ಭಾಗದ ಅಗಲ ಅರ್ಧಕ್ಕೆ ಇಳಿಯಬೇಕಾದರೆ ಸಂದರ್ಶಕರು ನಾಲ್ಕು ಪಟ್ಟು ಬೇಕು. ಇಲ್ಲಿ ಅದು 1,60,000 ಜನ. ತುದಿಯ ಒಂದು ಸಣ್ಣ ಚೂರು ಗೆರೆ ದಾಟಿದೆ ಎಂಬ ಕಾರಣಕ್ಕೆ ಅಷ್ಟು ಕಾಯುವುದಕ್ಕಿಂತ, ಹಿಂದೆಗೆಯಲು ದಾರಿ ಇಟ್ಟುಕೊಂಡು ಮುಂದೆ ಹೋಗುವುದು ಮೇಲು. ಆದರೆ ಬಳಿದ ಭಾಗದ ಬಹುಪಾಲು ಗೆರೆಯ ಆಚೆಗಿದ್ದರೆ ಮಾತು ಬೇರೆ.

ಹೆಜ್ಜೆ 5: ಎರಡು ತದ್ವಿರುದ್ಧ ಬಲೆಗಳನ್ನು ಗುರುತಿಸಿ

ಮೊದಲನೆಯದು ಚಿಕ್ಕ ಟೆಸ್ಟಿನ ಬಲೆ. ಅದೇ ಪ್ರಮಾಣದಲ್ಲಿ, ಆದರೆ ಪ್ರತಿ ಗುಂಪಿಗೆ ಬರೀ 2,000 ಜನರೊಂದಿಗೆ ಟೆಸ್ಟ್ ನಡೆದಿತ್ತು ಎನ್ನಿ. ಕೊಂಡವರು 100 ಮತ್ತು 88. ಪಿ ವ್ಯಾಲ್ಯೂ ಸುಮಾರು 0.37 ಬರುತ್ತದೆ. ಸಭೆಯಲ್ಲಿ ಯಾರಾದರೊಬ್ಬರು "ಬೆಲೆ ಏರಿಸಿದರೂ ಕನ್ವರ್ಷನ್‌ನಲ್ಲಿ ವ್ಯತ್ಯಾಸವಿಲ್ಲ, ಏರಿಸಿಬಿಡೋಣ" ಎಂದೇ ಎನ್ನುತ್ತಾರೆ. ಮೇಲಿನ ಕೋಡಿಗೆ ಈ ಅಂಕಿಗಳನ್ನು ಕೊಟ್ಟು ನೋಡಿ: ಗ್ರಾಹಕರು ಶೇ 33ರಷ್ಟು ಕಡಿಮೆಯಾಗುವುದರಿಂದ ಹಿಡಿದು ಶೇ 16ರಷ್ಟು ಹೆಚ್ಚುವವರೆಗೆ ಏನು ಬೇಕಾದರೂ ಆಗಬಹುದು ಎಂದು ಅದು ಹೇಳುತ್ತದೆ. ತಾಳಿಕೆಯ ಮಿತಿ 22.2 ಆರಾಮಾಗಿ ಅದರೊಳಗಿದೆ. ವ್ಯತ್ಯಾಸ ಇಲ್ಲ ಎಂದು ಈ ಟೆಸ್ಟ್ ಹೇಳಿಯೇ ಇಲ್ಲ, ನನಗೆ ಕಾಣುತ್ತಿಲ್ಲ ಎಂದಷ್ಟೇ ಹೇಳಿದೆ. ಬೆಲೆಯ ವಿಷಯದಲ್ಲಿ ಈ ತಪ್ಪು ಅತ್ಯಂತ ದುಬಾರಿ, ಏಕೆಂದರೆ ಇಲ್ಲಿ "ವ್ಯತ್ಯಾಸವಿಲ್ಲ" ಎಂಬುದೇ ಎಲ್ಲರಿಗೂ ಬೇಕಾದ ಸಿಹಿಸುದ್ದಿ.

ಎರಡನೆಯದು ದೊಡ್ಡ ಟೆಸ್ಟಿನ ಬಲೆ. ಪ್ರತಿ ಗುಂಪಿಗೆ 10 ಲಕ್ಷ ಜನ. ಬೆಲೆಯನ್ನು 100ರಿಂದ 99ಕ್ಕೆ ಇಳಿಸಲಾಗಿದೆ. ಕನ್ವರ್ಷನ್ ಶೇ 5.00ರಿಂದ ಶೇ 5.07ಕ್ಕೆ ಏರಿದೆ, ಪಿ ವ್ಯಾಲ್ಯೂ ಸುಮಾರು 0.02. ಡ್ಯಾಶ್‌ಬೋರ್ಡಿನಲ್ಲಿ ಹಸಿರು ಬಣ್ಣ, ಗೆದ್ದಿತು ಎಂಬ ಫಲಕ. ಈಗ ಉಳಿಕೆ ನೋಡಿ: 69ರ ಶೇ 5.07 ಎಂದರೆ 3.498. ಹಳೆಯದು 3.50. ಇಷ್ಟು ದೊಡ್ಡ ಟೆಸ್ಟ್ ಒಂದು ನಿಜವಾದ, ಖಚಿತವಾದ ಏರಿಕೆಯನ್ನು ಹಿಡಿದು ಕೊಟ್ಟಿದೆ, ಅದರಿಂದ ಕೈಗೆ ಒಂದು ಕಾಸೂ ಬಂದಿಲ್ಲ.

ಹೆಜ್ಜೆ 6: ನಿಲ್ಲಿಸಿದ್ದು ಯಾವಾಗ, ಏಕೆ ಎಂದು ಕೇಳಿ

ಫಲಿತಾಂಶ ಬೇರೆಯವರಿಂದ ನಿಮ್ಮ ಕೈಗೆ ಬಂದಿದ್ದರೆ, ಟೆಸ್ಟ್ ಎಷ್ಟು ದಿನ ನಡೆಯಬೇಕೆಂದು ಮೊದಲೇ ತೀರ್ಮಾನವಾಗಿತ್ತೇ ಎಂದು ಕೇಳಿ. ಆಗಾಗ ಇಣುಕಿ ನೋಡಿ, 0.05ಕ್ಕಿಂತ ಕೆಳಗೆ ಬಂದ ಕೂಡಲೇ ನಿಲ್ಲಿಸುವ ಅಭ್ಯಾಸ ಬಹಳ ಕಡೆ ಇದೆ. ಹೀಗೆ ಸಮ ಅಂತರದಲ್ಲಿ ಐದು ಸಲ ಇಣುಕಿದರೆ, ವ್ಯತ್ಯಾಸವೇ ಇಲ್ಲದ ಟೆಸ್ಟ್ ಕೂಡ ಗೆದ್ದಂತೆ ಕಾಣುವ ಸಾಧ್ಯತೆ ಶೇ 5ರಿಂದ ಸುಮಾರು ಶೇ 14ಕ್ಕೆ ಏರುತ್ತದೆ. ಹತ್ತು ಸಲ ಇಣುಕಿದರೆ ಸುಮಾರು ಶೇ 19ಕ್ಕೆ. ಜೊತೆಗೆ, ಅಂಕಿ ಅತಿ ಎತ್ತರಕ್ಕೆ ನೆಗೆದ ಕ್ಷಣದಲ್ಲೇ ನಿಲ್ಲಿಸಿರುವುದರಿಂದ ಪರಿಣಾಮ ಇರುವುದಕ್ಕಿಂತ ದೊಡ್ಡದಾಗಿ ದಾಖಲಾಗುತ್ತದೆ. ನಡುವೆ ನೋಡಲೇಬೇಕೆಂದಿದ್ದರೆ ಅದಕ್ಕೆಂದೇ ರೂಪಿಸಿದ ಸೀಕ್ವೆನ್ಶಿಯಲ್ ಟೆಸ್ಟಿಂಗ್ ವಿಧಾನಗಳಿವೆ, ಅವನ್ನು ಮೊದಲಿನಿಂದಲೇ ಬಳಸಬೇಕು.

ಗುಂಪುಗಳನ್ನು ಒಡೆದು ನೋಡುವುದೂ ಇದೇ ಬಗೆಯದು. ಒಟ್ಟಾರೆ ಫಲಿತಾಂಶ ಹಿಡಿಸದಿದ್ದಾಗ ಫೋನಿನವರು, ಲ್ಯಾಪ್‌ಟಾಪಿನವರು, ಜಾಹೀರಾತಿನಿಂದ ಬಂದವರು ಎಂದು ಇಪ್ಪತ್ತು ತುಂಡು ಮಾಡಿದರೆ, ಏನೂ ಇಲ್ಲದಿದ್ದರೂ ಒಂದಾದರೂ ತುಂಡು ಮಹತ್ವದ್ದಾಗಿ ಕಾಣುವ ಸಾಧ್ಯತೆ ಶೇ 64. ಅಂಥದ್ದು ಕಂಡರೆ ಅದನ್ನು ಮುಂದಿನ ಟೆಸ್ಟಿಗೆ ಪ್ರಶ್ನೆಯಾಗಿ ಬರೆದಿಡಿ.

ಹೆಜ್ಜೆ 7: ಗ್ರಾಹಕರು ಎಷ್ಟು ಕಾಲ ಉಳಿಯುತ್ತಾರೆ ಎಂಬುದನ್ನು ಸೇರಿಸಿ

ಇಲ್ಲಿಯವರೆಗಿನ ಲೆಕ್ಕ ಮೊದಲ ತಿಂಗಳದ್ದು. ಚಂದಾ ವ್ಯಾಪಾರದಲ್ಲಿ ಹಣ ಬರುವುದು ಆಮೇಲಿನ ತಿಂಗಳುಗಳಲ್ಲಿ, ಮತ್ತು ಬೆಲೆ ಏರಿಕೆ ಕಚ್ಚುವುದೂ ಹೆಚ್ಚಾಗಿ ಅಲ್ಲೇ. 120 ಕೊಟ್ಟು ಸೇರಿದವರು ಎರಡನೇ ಬಿಲ್ ನೋಡಿದಾಗ ಮನಸ್ಸು ಬದಲಿಸಬಹುದು.

ಹಳೆಯ ಬೆಲೆಯಲ್ಲಿ ತಿಂಗಳಿಗೆ ಶೇ 5ರಷ್ಟು ಗ್ರಾಹಕರು ಬಿಡುತ್ತಾರೆ ಎನ್ನಿ. ಆ ದರ ಒಂದೇ ಸಮನಿದ್ದರೆ ಸರಾಸರಿ ಗ್ರಾಹಕ 20 ತಿಂಗಳು ಇರುತ್ತಾನೆ (1ನ್ನು 0.05ರಿಂದ ಭಾಗಿಸಿ). ನಿಜದಲ್ಲಿ ಮೊದಲ ತಿಂಗಳುಗಳಲ್ಲಿ ಬಿಡುವವರು ಹೆಚ್ಚು, ಆಮೇಲೆ ಕಡಿಮೆ. ಆದರೂ ಎರಡು ಬೆಲೆಗಳನ್ನು ಹೋಲಿಸಲು ಈ ಒರಟು ಲೆಕ್ಕ ನಡೆಯುತ್ತದೆ. ಪ್ರತಿ ಸಂದರ್ಶಕರಿಂದ ಒಟ್ಟಾರೆ ಬರುವ ಉಳಿಕೆ 3.50ರ 20 ಪಟ್ಟು, ಅಂದರೆ 70. ಹೊಸ ಬೆಲೆಯಲ್ಲಿ ತಿಂಗಳ ಉಳಿಕೆ ಪ್ರತಿ ಸಂದರ್ಶಕರಿಗೆ 3.96. ಬಿಡುವವರ ದರ ಬದಲಾಗದಿದ್ದರೆ ಒಟ್ಟು 79.2. ಆದರೆ ಆ ದರ ಶೇ 5ರಿಂದ ಶೇ 6ಕ್ಕೆ ಏರಿದರೆ ಸರಾಸರಿ ಕಾಲ 16.7 ತಿಂಗಳಿಗೆ ಇಳಿಯುತ್ತದೆ, ಒಟ್ಟು ಉಳಿಕೆ 66 ಆಗುತ್ತದೆ. ಲಾಭವಿದ್ದದ್ದು ನಷ್ಟವಾಯಿತು.

ಇದನ್ನೇ ನಮ್ಮ ಗೆರೆಯ ಭಾಷೆಯಲ್ಲಿ ಹೇಳುವುದಾದರೆ, ತಾಳಿಕೆಯ ಮಿತಿ 22.2ರಿಂದ 6.7ಕ್ಕೆ ಜಾರಿತು. ಬಳಿದ ಭಾಗದ ಬಹುಪಾಲು ಈಗ ಅದರ ಆಚೆಗಿದೆ. ಲಾಭ ಪೂರ್ತಿ ಕರಗಲು ಶೇ 6ರವರೆಗೂ ಹೋಗಬೇಕಿಲ್ಲ. ಬಿಡುವವರ ದರ ಸುಮಾರು ಶೇ 5.66 ಆದರೆ ಸಾಕು.

ಇನ್ನು ಕಷ್ಟದ ಮಾತು. ಈ ಸಣ್ಣ ಬದಲಾವಣೆ ಟೆಸ್ಟಿನಲ್ಲಿ ಕಾಣುವುದೇ ಇಲ್ಲ. 1,000 ಮತ್ತು 880 ಗ್ರಾಹಕರಿರುವಾಗ ಮೊದಲ ನವೀಕರಣದ ಹೊತ್ತಿಗೆ ಎರಡು ಗುಂಪುಗಳ ವ್ಯತ್ಯಾಸದ ಅನಿಶ್ಚಿತತೆ ಆಚೆಗೂ ಈಚೆಗೂ ಸುಮಾರು 2 ಶೇಕಡಾ ಅಂಶ. ನಾವು ಹುಡುಕುತ್ತಿರುವುದು 0.66 ಅಂಶ. ಆರು ತಿಂಗಳಾದಾಗ, ದರ ಶೇ 5 ಇದ್ದರೆ ಶೇ 73.5ರಷ್ಟು ಗ್ರಾಹಕರು ಉಳಿದಿರುತ್ತಾರೆ, ಶೇ 6 ಇದ್ದರೆ ಶೇ 69. ವ್ಯತ್ಯಾಸ 4.5 ಅಂಶ, ಅನಿಶ್ಚಿತತೆ ಸುಮಾರು 4 ಅಂಶ. ಅಂದರೆ ಶೇ 6ರಂಥ ಕೆಟ್ಟ ಸ್ಥಿತಿ ಆರು ತಿಂಗಳಿಗೆ ಕಣ್ಣಿಗೆ ಬೀಳಬಹುದು, ಶೇ 5.66ರಂಥದ್ದು ಆಗಲೂ ಸ್ಪಷ್ಟವಾಗುವುದಿಲ್ಲ. ಎರಡು ವಾರದ ಟೆಸ್ಟ್ ಮುಗಿಸಿ "ಉಳಿಕೆ ಶೇ 13 ಏರಿತು" ಎಂದು ವರದಿ ಬರೆಯುವವರು ಈ ವಾಕ್ಯವನ್ನೂ ಅದರ ಪಕ್ಕದಲ್ಲೇ ಬರೆಯಬೇಕು.

ಹೆಜ್ಜೆ 8: ತೀರ್ಮಾನ, ಮತ್ತು ಹಿಂದೆಗೆಯುವ ದಾರಿ

ಈ ಅಂಕಿಗಳು ನನ್ನ ಮುಂದಿದ್ದರೆ ಹೊಸ ಸಂದರ್ಶಕರಿಗೆ 120ನ್ನು ಜಾರಿಗೆ ತರುತ್ತೇನೆ, ಆದರೆ ಎಲ್ಲರಿಗೂ ಒಮ್ಮೆಗೇ ಅಲ್ಲ. ಟೆಸ್ಟ್ ನಡೆದದ್ದು ಹೊಸಬರ ಮೇಲೆ ಮಾತ್ರ; ವರ್ಷಗಳಿಂದ 100 ಕೊಡುತ್ತಿರುವವರ ಬಗ್ಗೆ ಅದು ಏನನ್ನೂ ಹೇಳಿಲ್ಲ. ಹೊಸಬರು 120ನ್ನು ಒಂದು ಬೆಲೆಯಾಗಿ ನೋಡುತ್ತಾರೆ, ಹಳಬರು ಅದನ್ನು 20ರ ಏರಿಕೆಯಾಗಿ ನೋಡುತ್ತಾರೆ. ಹಳಬರ ಬೆಲೆಯನ್ನು ಮುಟ್ಟುವುದು ಬೇರೆಯೇ ತೀರ್ಮಾನ, ಅದಕ್ಕೆ ಬೇರೆಯೇ ಪುರಾವೆ ಬೇಕು.

ಮುಖ್ಯವಾಗಿ, ಟೆಸ್ಟಿನಲ್ಲಿ 100ಕ್ಕೆ ಸೇರಿದ ಆ 1,000 ಮಂದಿಯನ್ನು ಆರು ತಿಂಗಳು ಅದೇ ಬೆಲೆಯಲ್ಲೇ ಬಿಡಿ. ಟೆಸ್ಟ್ ಮುಗಿಯಿತೆಂದು ಅವರನ್ನೂ 120ಕ್ಕೆ ಎಳೆದರೆ, 880ರ ಗುಂಪನ್ನು ಹೋಲಿಸಲು ಜಗತ್ತಿನಲ್ಲಿ ಯಾರೂ ಉಳಿಯುವುದಿಲ್ಲ. ಹೊಸ ಸಂದರ್ಶಕರಲ್ಲೂ ಹತ್ತರಲ್ಲಿ ಒಬ್ಬರಿಗೆ ಹಳೆಯ ಬೆಲೆಯನ್ನೇ ತೋರಿಸುತ್ತಿದ್ದರೆ ಹೋಲಿಕೆ ಗಟ್ಟಿಯಾಗುತ್ತಾ ಹೋಗುತ್ತದೆ.

ಹಿಂದೆಗೆಯುವ ನಿಯಮವನ್ನು ಜಾರಿಗೆ ತರುವ ದಿನವೇ ಬರೆದು ಎಲ್ಲರ ಸಹಿ ಹಾಕಿಸಿ. ನಮ್ಮ ಲೆಕ್ಕದಲ್ಲಿ ಅದು ಹೀಗಿರುತ್ತದೆ: ಆರನೇ ತಿಂಗಳಿಗೆ ಹೊಸ ಬೆಲೆಯ ಗುಂಪಿನಲ್ಲಿ ಉಳಿದವರ ಪ್ರಮಾಣ ಹಳೆಯ ಗುಂಪಿಗಿಂತ 3 ಅಂಶಕ್ಕಿಂತ ಹೆಚ್ಚು ಕೆಳಗಿದ್ದರೆ (ಅದು ಸುಮಾರು ಶೇ 5.66ರ ದರಕ್ಕೆ ಸಮ), ಹೊಸಬರಿಗೆ ಮತ್ತೆ 100 ತೋರಿಸುವುದು, 120 ಕೊಡುತ್ತಿರುವವರ ಮುಂದಿನ ಬಿಲ್ಲನ್ನೂ 100ಕ್ಕೆ ಇಳಿಸುವುದು. ಮೂರನೇ ತಿಂಗಳಿಗೆ ಒಮ್ಮೆ ನೋಡಬಹುದು, ಆದರೆ ಆಗ ಕೈಹಾಕುವುದು ಅಂತರ ಅನಿಶ್ಚಿತತೆಯನ್ನೂ ಮೀರಿದ್ದರೆ ಮಾತ್ರ. ಆ ಹಂತದಲ್ಲಿ ಅನಿಶ್ಚಿತತೆ ಸುಮಾರು 3.3 ಅಂಶ ಇರುತ್ತದೆ. ಹಣ ವಾಪಸ್ ಕೇಳಿದವರನ್ನು ಮೊದಲ ದಿನದಿಂದಲೇ ಬಿಟ್ಟವರ ಲೆಕ್ಕಕ್ಕೆ ಸೇರಿಸಿ, ಕೊಂಡವರ ಲೆಕ್ಕದಿಂದ ತೆಗೆಯಬೇಡಿ. ತೆಗೆದರೆ ಕನ್ವರ್ಷನ್ ಅಂಕಿ ಈಗ ಒಂದು, ಆರು ತಿಂಗಳ ನಂತರ ಇನ್ನೊಂದು ಆಗಿ, ಹೋಲಿಸಿದ್ದು ಯಾವುದಕ್ಕೆ ಯಾವುದನ್ನು ಎಂದು ಹೇಳಲು ಯಾರಿಗೂ ಆಗುವುದಿಲ್ಲ.